ಒಂದು ಚೀಲದ ಲೆಕ್ಕ, ತೊಂಬತ್ತು ಸೆಕೆಂಡಿನ ಮಾತು: ವಿಡಿಯೋ ಅರ್ಜಿಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಅರ್ಜಿದಾರೆ ಶಿರಸಿ ತಾಲ್ಲೂಕಿನ ಹಳ್ಳಿಯೊಂದರವರು, ವಾಣಿಜ್ಯ ಪದವೀಧರೆ. ಅಡಿಕೆ ವಹಿವಾಟು ನಡೆಸುವ ಸಂಸ್ಥೆಯೊಂದರಲ್ಲಿ ಅವರು ಮೂರು ವರ್ಷಗಳಿಂದ ಗುಮಾಸ್ತೆಯಾಗಿದ್ದರು. ಬೆಳೆಗಾರರು ತಂದ ಚೀಲಗಳ ತೂಕವನ್ನು ಬರೆದುಕೊಳ್ಳುವುದು, ಟೆಂಡರಿನಲ್ಲಿ ದರ ನಿಗದಿಯಾದ ಬಳಿಕ ಪ್ರತಿ ಲಾಟಿನ ಲೆಕ್ಕ ಮಾಡಿ ಪಟ್ಟಿ ಕೊಡುವುದು, ಪಟ್ಟಿಯಲ್ಲಿ ಏನಾದರೂ ಸಂಶಯ ಬಂದವರಿಗೆ ಉತ್ತರ ಹೇಳುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಹೆಸರು, ಊರು, ಸಂಸ್ಥೆ ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಅವರ ಒಪ್ಪಿಗೆಯಿಂದಲೇ ಬದಲಿಸಿದ್ದೇನೆ. ಉದ್ಯೋಗ ಹುಡುಕುವವರಿಗೆ ಅರ್ಜಿ ಬರೆಯಲು ನೆರವಾಗುವ ಕೆಲಸದಲ್ಲಿ ನಾನು ಇರುವುದರಿಂದ ಅವರು ನನ್ನ ಬಳಿ ಬಂದಿದ್ದರು.

ಅಡಿಕೆ ಮತ್ತು ಕಾಳುಮೆಣಸನ್ನು ಬೆಳೆಗಾರರಿಂದ ನೇರವಾಗಿ ಕೊಳ್ಳುವ ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದು ಬೆಳೆಗಾರರ ಸಂಪರ್ಕ ಸಂಯೋಜಕರ ಹುದ್ದೆಗೆ ಅರ್ಜಿ ಕರೆದಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜೊತೆಗೆ ಕುಮಟಾ, ಹೊನ್ನಾವರದ ಕಡೆಯ ಬೆಳೆಗಾರರೊಡನೆ ಫೋನಿನಲ್ಲಿ ಮಾತನಾಡಿ, ತೂಕ, ಗುಣಮಟ್ಟ, ಹಣ ಪಾವತಿಯ ಕುರಿತ ದೂರುಗಳನ್ನು ಬಗೆಹರಿಸಿ, ಅದರ ದಾಖಲೆಯನ್ನು ಕಂಪ್ಯೂಟರಿನಲ್ಲಿ ಇಡುವುದು ಆ ಹುದ್ದೆಯ ಕೆಲಸ. ಬರವಣಿಗೆಯ ರೆಸ್ಯೂಮೆಯೊಂದಿಗೆ ತೊಂಬತ್ತು ಸೆಕೆಂಡು ಮೀರದ ವಿಡಿಯೋ ಒಂದನ್ನು ಕನ್ನಡದಲ್ಲಿ ಮಾಡಿ ಕಳಿಸಬೇಕೆಂದೂ ಅದರಲ್ಲಿ ಅರ್ಜಿದಾರರ ಕೌಶಲ ಮತ್ತು ವ್ಯಕ್ತಿತ್ವ ಎರಡೂ ಕಾಣಬೇಕೆಂದೂ ಪ್ರಕಟಣೆಯಲ್ಲಿ ಬರೆದಿತ್ತು. ಫೋನಿನಲ್ಲಿ ಮಾತನಾಡುವ ಕೆಲಸಕ್ಕೆ ಮಾತನಾಡುವ ಬಗೆಯನ್ನೇ ಮೊದಲು ನೋಡಬೇಕೆನ್ನುವುದು ಸಹಜವಾದ ಅಪೇಕ್ಷೆ.

ಮೊದಲ ಕರಡಿನ ತೊಂದರೆ

ಅವರು ಬರೆದು ತಂದಿದ್ದ ಕರಡು ಹೀಗೆ ಆರಂಭವಾಗುತ್ತಿತ್ತು: ‘ಎಲ್ಲರಿಗೂ ನಮಸ್ಕಾರಗಳು. ನನ್ನ ಹೆಸರು ಇಂಥದು, ನನ್ನ ತಂದೆಯವರು ಕೃಷಿಕರು, ತಾಯಿ ಗೃಹಿಣಿ. ನಾನು ಇಂಥ ಊರಿನಲ್ಲಿ ಜನಿಸಿ, ಇಂಥ ಶಾಲೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪೂರೈಸಿರುತ್ತೇನೆ.’ ಅಲ್ಲಿಂದ ಮುಂದೆ ಪ್ರೌಢಶಾಲೆ, ಕಾಲೇಜು, ಅಂಕಗಳು, ಈಗಿನ ಕೆಲಸ, ಹವ್ಯಾಸಗಳು. ಕೊನೆಯಲ್ಲಿ ‘ನಾನು ಶ್ರಮಜೀವಿ, ತಾಳ್ಮೆಯುಳ್ಳವಳು, ತಂಡದೊಂದಿಗೆ ಕಾರ್ಯನಿರ್ವಹಿಸುವ ಸಾಮರ್ಥ್ಯವನ್ನು ಹೊಂದಿರುತ್ತೇನೆ’ ಎಂಬ ವಾಕ್ಯ. ಕರಡಿನಲ್ಲಿ ಸುಮಾರು 235 ಪದಗಳಿದ್ದವು. ಫೋನಿನ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದಾಗ ಎರಡು ನಿಮಿಷ ನಲವತ್ತು ಸೆಕೆಂಡು ಹಿಡಿಯಿತು.

ಉದ್ದದ ವಿಷಯವನ್ನು ಮೊದಲು ನೋಡೋಣ. ಇಂಥ ವಿಡಿಯೋಗಳ ಬಗ್ಗೆ ಸಿಗುವ ಸಲಹೆಗಳು ಹೆಚ್ಚಿನವು ಇಂಗ್ಲಿಷನ್ನು ಮನಸ್ಸಿನಲ್ಲಿ ಇಟ್ಟುಕೊಂಡವು. ನಿಮಿಷಕ್ಕೆ 130ರಿಂದ 150 ಪದ ಎಂದು ಹಿಡಿದು ತೊಂಬತ್ತು ಸೆಕೆಂಡಿಗೆ ಇನ್ನೂರರ ಸುತ್ತಮುತ್ತ ಪದ ಬರೆಯಿರಿ ಎನ್ನುತ್ತವೆ. ಅರ್ಜಿದಾರೆಯೂ ಅದನ್ನೇ ನಂಬಿ, ಸ್ವಲ್ಪವಷ್ಟೇ ಕಡಿತ ಮಾಡಿದರೆ ಸಾಕೆಂದು ಎಣಿಸಿದ್ದರು. ಕನ್ನಡದ ಒಂದು ಪದದೊಳಗೆ ವಿಭಕ್ತಿ, ಕಾಲ, ಕರ್ತೃವಿನ ಗುರುತು ಎಲ್ಲವೂ ಅಡಕವಾಗಿರುವುದರಿಂದ ಪದಗಳು ಉದ್ದ, ನಿಮಿಷಕ್ಕೆ ಆಡಬಹುದಾದ ಪದಗಳ ಸಂಖ್ಯೆ ಕಡಿಮೆ. ಅವರ ಸಹಜ ವೇಗದಲ್ಲಿ ಲೆಕ್ಕ ಹಾಕಿದಾಗ ನಿಮಿಷಕ್ಕೆ 88 ಪದ ಬಂತು. ಅಂದರೆ ತೊಂಬತ್ತು ಸೆಕೆಂಡಿನಲ್ಲಿ ಹೆಚ್ಚೆಂದರೆ 130 ಪದ. ಉಸಿರು ತೆಗೆದುಕೊಳ್ಳುವ ಜಾಗ ಬೇಕೆಂದರೆ 125ಕ್ಕೆ ನಿಲ್ಲಿಸಬೇಕು. ವೇಗವಾಗಿ ಮಾತನಾಡಿ ಹೆಚ್ಚು ಪದ ತುಂಬಿಸುವ ಯೋಚನೆಯನ್ನು ಆರಂಭದಲ್ಲೇ ಬಿಟ್ಟೆವು, ಏಕೆಂದರೆ ಸಿಟ್ಟಾದ ಬೆಳೆಗಾರರೊಡನೆ ಸಮಾಧಾನದಿಂದ ಮಾತನಾಡಬೇಕಾದ ಹುದ್ದೆಗೆ ಅವಸರದ ಧ್ವನಿಯೇ ಅನರ್ಹತೆಯಾಗುತ್ತದೆ.

ಉದ್ದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಆ ಕರಡು ಬಯೋಡೇಟಾದ ಕ್ರಮದಲ್ಲಿತ್ತು. ನಮ್ಮ ಕಡೆ ಸಹಕಾರಿ ಸಂಘಕ್ಕಾಗಲಿ ಶಾಲೆಗಾಗಲಿ ಬ್ಯಾಂಕಿಗಾಗಲಿ ಅರ್ಜಿ ಬರೆಯುವಾಗ ತಂದೆಯ ಹೆಸರು, ಹುಟ್ಟಿದ ದಿನಾಂಕ, ಊರಿನಿಂದ ಆರಂಭಿಸುವ ರೂಢಿ ಎಷ್ಟು ಬಲವಾಗಿದೆಯೆಂದರೆ, ಬಾಯಿ ತೆರೆದಾಗಲೂ ಅದೇ ಕ್ರಮ ಬರುತ್ತದೆ. ಆ ವಿವರಗಳೆಲ್ಲ ಜೊತೆಗೆ ಕಳಿಸುವ ಕಾಗದದಲ್ಲಿ ಇದ್ದೇ ಇರುತ್ತವೆ. ಜೊತೆಗೆ ವಯಸ್ಸು, ಮದುವೆ, ಮನೆತನ, ಮನೆಯ ವಿಳಾಸದಂಥ ಸಂಗತಿಗಳನ್ನು ವಿಡಿಯೋದಲ್ಲಿ ಹೇಳುವುದು ಅನವಶ್ಯಕವಷ್ಟೇ ಅಲ್ಲ, ಅಪರಿಚಿತರ ಕೈಯಿಂದ ಕೈಗೆ ಹೋಗಬಹುದಾದ ಕಡತದಲ್ಲಿ ಅವು ಇರಲೇಬಾರದು.

ಇನ್ನು ‘ತಾಳ್ಮೆಯುಳ್ಳವಳು’ ಎಂಬ ಮಾತು. ಅದು ಸುಳ್ಳಲ್ಲ, ಅರ್ಧ ಗಂಟೆ ಅವರೊಡನೆ ಮಾತನಾಡಿದವರಿಗೆ ಯಾರಿಗಾದರೂ ಅದು ಗೊತ್ತಾಗುತ್ತದೆ. ಆದರೆ ಆ ಹುದ್ದೆಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಅದನ್ನೇ ಹೇಳುವುದರಿಂದ, ನೋಡುವವರ ಕಿವಿಗೆ ಅದು ಬೀಳುವುದೇ ಇಲ್ಲ. ಗುಣವಾಚಕಗಳನ್ನೆಲ್ಲ ಹೊಡೆದುಹಾಕಿದಾಗ ಕರಡಿನಲ್ಲಿ ಉಳಿದದ್ದು ಓದಿದ ಶಾಲೆಗಳ ಪಟ್ಟಿಯೊಂದೇ.

ಯಾವ ಘಟನೆಯನ್ನು ಆರಿಸಬೇಕು

ತೊಂಬತ್ತು ಸೆಕೆಂಡಿಗೆ ಒಂದು ಘಟನೆ ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ಆದ್ದರಿಂದ ಬರೆಯುವುದನ್ನು ಬದಿಗಿಟ್ಟು, ಕೆಲಸದಲ್ಲಿ ನಡೆದದ್ದನ್ನು ಅವರ ಬಾಯಿಂದಲೇ ಹೇಳಿಸಿದೆವು. ‘ನಿಮ್ಮ ಸಾಧನೆ ಏನು’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಈ ಸೀಮೆಯಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಂಕೋಚದ ವಿಷಯ. ಅದರ ಬದಲು ‘ನೀವು ರಜೆ ಹಾಕಿದ ದಿನ ಯಾವ ಕೆಲಸ ನಿಲ್ಲುತ್ತದೆ?’, ‘ಯಾರಾದರೂ ಸಿಟ್ಟು ಮಾಡಿಕೊಂಡು ಬಂದು ಸಮಾಧಾನವಾಗಿ ಹೋದದ್ದುಂಟೇ?’, ‘ನೀವು ಶುರು ಮಾಡಿದ ಪದ್ಧತಿ ಏನಾದರೂ ಈಗಲೂ ನಡೆಯುತ್ತಿದೆಯೇ?’ ಎಂದು ಕೇಳಿದಾಗ ಮಾತು ಹರಿಯಿತು. ಮೂರು ಸಂಗತಿಗಳು ಹೊರಬಂದವು.

ಒಂದು, ಕಾಗದದ ಖಾತೆಗಳನ್ನು ಟ್ಯಾಲಿಗೆ ವರ್ಗಾಯಿಸುವಾಗ ಅವರು ಹೆಚ್ಚಿನ ಹೊಣೆ ಹೊತ್ತಿದ್ದರು. ಎರಡು, ಅವರು ಮಹಿಳೆಯರ ತಾಳಮದ್ದಳೆ ತಂಡದಲ್ಲಿ ಅರ್ಥ ಹೇಳುತ್ತಾರೆ. ಮೂರನೆಯದು ಒಂದು ಚೀಲದ ಕಥೆ: ಹಿರಿಯ ಬೆಳೆಗಾರರೊಬ್ಬರು ತಮ್ಮ ಪಟ್ಟಿಯಲ್ಲಿ ಒಂದು ಚೀಲದ ತೂಕ ಕಡಿಮೆ ಬಂದಿದೆಯೆಂದು ಸಿಟ್ಟಿನಿಂದ ಬಂದಿದ್ದರು. ಅರ್ಜಿದಾರೆ ಅವರನ್ನು ಕೂರಿಸಿ ಸಾಲು ಸಾಲಾಗಿ ಲೆಕ್ಕ ಓದಿದಾಗ, ಅದೇ ಹೆಸರಿನ ಮತ್ತೊಬ್ಬರ ಲಾಟಿಗೆ ಆ ಚೀಲ ಸೇರಿಹೋಗಿರುವುದು ತಿಳಿಯಿತು. ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಪಕ್ಕಪಕ್ಕದ ಊರುಗಳಲ್ಲಿ ಇರುವುದು ಇಲ್ಲಿ ಸಾಮಾನ್ಯ. ಊರೋ ಕೇರಿಯೋ ಸೇರಿಸಿ ಹೇಳಿದರೆ ಮಾತ್ರ ಯಾರು ಎನ್ನುವುದು ಸ್ಪಷ್ಟವಾಗುತ್ತದೆ. ಮಾರನೆಯ ದಿನದಿಂದ ಅವರು ಚೀಲದ ಚೀಟಿಯ ಮೇಲೆ ಹೆಸರಿನೊಂದಿಗೆ ಊರು, ಕೇರಿಯನ್ನೂ ಬರೆಯತೊಡಗಿದರು.

ಅರ್ಜಿದಾರೆಗೆ ಮೆಚ್ಚುಗೆಯಾಗಿದ್ದು ತಾಳಮದ್ದಳೆಯ ವಿಷಯ. ವ್ಯಕ್ತಿತ್ವ ಕಾಣಬೇಕೆಂದು ಕಂಪನಿಯೇ ಕೇಳಿರುವಾಗ, ಎದುರಿನ ಅರ್ಥಧಾರಿಯ ಮಾತಿಗೆ ಅಲ್ಲೇ ಉತ್ತರ ಕಟ್ಟುವ ಈ ಕಲೆಗಿಂತ ಬೇರೇನು ಬೇಕು ಎಂಬುದು ಅವರ ವಾದ, ವಾದದಲ್ಲಿ ತೂಕವಿತ್ತು. ಚೀಲದ ಕಥೆ ಅವರಿಗೆ ತೀರಾ ಸಣ್ಣದೆನಿಸಿತ್ತು, ‘ಅದು ನನ್ನ ಕೆಲಸವೇ ಅಲ್ಲವೇ’ ಎಂದರು. ಎರಡನ್ನೂ ಬರೆದು ನೋಡುವುದೆಂದು ನಿರ್ಧಾರವಾಯಿತು. ತಾಳಮದ್ದಳೆಯಿಂದ ಆರಂಭವಾಗಿ ಕೆಲಸದ ಕಡೆ ತಿರುಗುವ ಒಂದು ಪಠ್ಯ, ಚೀಲದ ಕಥೆಯೊಂದೇ ಇರುವ ಇನ್ನೊಂದು ಪಠ್ಯ. ಎರಡನ್ನೂ ಫೋನಿನಲ್ಲಿ ಸುಮ್ಮನೆ ಚಿತ್ರೀಕರಿಸಿ, ಅವರ ಪರಿಚಯವೇ ಇಲ್ಲದ, ಜನರನ್ನು ಕೆಲಸಕ್ಕೆ ತೆಗೆದುಕೊಂಡು ಅನುಭವವಿರುವ ಇಬ್ಬರಿಗೆ ತಲಾ ಒಂದರಂತೆ ತೋರಿಸಿದೆವು. ‘ಹೇಗಿದೆ’ ಎಂದು ಕೇಳಲಿಲ್ಲ, ಏಕೆಂದರೆ ಅದಕ್ಕೆ ಯಾರೂ ‘ಚೆನ್ನಾಗಿದೆ’ ಎನ್ನದೆ ಬೇರೆ ಉತ್ತರ ಕೊಡುವುದಿಲ್ಲ. ಒಂದು ದಿನ ಬಿಟ್ಟು, ‘ಇವರು ಯಾವ ಕೆಲಸಕ್ಕೆ ಹೊಂದುತ್ತಾರೆ? ನಿಮಗೆ ನೆನಪಿರುವುದು ಏನು?’ ಎಂದಷ್ಟೇ ಕೇಳಿದೆವು.

ಮೊದಲನೆಯದನ್ನು ನೋಡಿದವರು ತಾಳಮದ್ದಳೆಯನ್ನು ಸಂತೋಷದಿಂದ ನೆನಪಿಸಿಕೊಂಡರು. ಶಿಕ್ಷಕಿಯ ಕೆಲಸಕ್ಕೋ ನಿರೂಪಣೆಗೋ ಒಳ್ಳೆಯವರು ಎಂದರು. ಅಡಿಕೆ, ಲೆಕ್ಕ, ಬೆಳೆಗಾರರ ಸುದ್ದಿ ಅವರ ನೆನಪಿನಲ್ಲಿ ಉಳಿದಿರಲಿಲ್ಲ. ಎರಡನೆಯದನ್ನು ನೋಡಿದವರು ಚೀಟಿಯ ಮೇಲೆ ಕೇರಿಯ ಹೆಸರು ಬರೆದ ವಿಷಯವನ್ನು ಹೇಳಿ, ‘ಲೆಕ್ಕದ ಕಿಟಕಿಯಲ್ಲಿ ಕೂರಿಸಿದರೆ ಗಲಾಟೆ ಆಗಲಿಕ್ಕಿಲ್ಲ’ ಎಂದರು. ಇಬ್ಬರೇ ನೋಡುಗರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಈ ಎರಡು ಉತ್ತರಗಳ ನಡುವಿನ ಅಂತರ ಅರ್ಜಿದಾರೆಯ ಮನಸ್ಸನ್ನು ಬದಲಿಸಿತು. ತಾಳಮದ್ದಳೆ ಬರವಣಿಗೆಯ ರೆಸ್ಯೂಮೆಯ ಕೊನೆಯ ಸಾಲಿಗೆ ಹೋಯಿತು. ಅದರಿಂದ ಬಂದ ಗುಣ ಮಾತ್ರ ವಿಡಿಯೋದಲ್ಲಿ ಉಳಿಯಿತು: ಕಥೆಯನ್ನು ಎಲ್ಲಿ ನಿಲ್ಲಿಸಿ ಎಲ್ಲಿ ಮುಂದುವರಿಸಬೇಕೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಪಠ್ಯ ಸಿದ್ಧವಾದ ಬಗೆ

ಬಳಸಿದ ಪಠ್ಯವನ್ನು ಪೂರ್ತಿಯಾಗಿ ಕೊಡುತ್ತೇನೆ. ಇದರಲ್ಲಿ ಸುಮಾರು 125 ಪದಗಳಿವೆ.

‘ನಮಸ್ಕಾರ. ನಾನು (ಹೆಸರು). ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಮೂರು ವರ್ಷದಿಂದ ತೂಕ ಮತ್ತು ಪಟ್ಟಿಯ ಲೆಕ್ಕ ನೋಡ್ಕೊಳ್ತಾ ಇದ್ದೇನೆ.

ಕಳೆದ ವರ್ಷ ಒಬ್ಬರು ಹಿರಿಯರು ಪಟ್ಟಿ ಹಿಡ್ಕೊಂಡು ಬಂದು, “ನನ್ನ ಒಂದು ಚೀಲ ಎಲ್ಲಿ ಹೋಯ್ತು?” ಅಂತ ಕೇಳಿದ್ರು. ತುಂಬಾ ಸಿಟ್ಟಿನಲ್ಲಿದ್ರು. ನಾನು ಅವರನ್ನ ಕೂರಿಸಿ, ಪಟ್ಟಿಯ ಒಂದೊಂದೇ ಸಾಲು ಓದಿ ಹೇಳ್ತಾ ಹೋದೆ. ಅವರು ಹೇಳಿದ್ದೇ ಸರಿ ಇತ್ತು. ಅದೇ ಹೆಸರಿನ ಇನ್ನೊಬ್ಬರ ಲೆಕ್ಕಕ್ಕೆ ಅವರ ಚೀಲ ಸೇರಿತ್ತು. ಮೇಲಿನವರಿಗೆ ತೋರಿಸಿ, ಆ ಇನ್ನೊಬ್ಬರಿಗೂ ಫೋನ್ ಮಾಡಿ ತಿಳಿಸಿ, ಸಂಜೆಯೊಳಗೆ ಎರಡೂ ಪಟ್ಟಿ ಸರಿ ಮಾಡಿಸಿ ಕೊಟ್ಟೆ.

ಮಾರನೇ ದಿನದಿಂದ ಚೀಲದ ಚೀಟಿ ಮೇಲೆ ಹೆಸರಿನ ಜೊತೆಗೆ ಊರು, ಕೇರಿ ಬರೆಯೋದಕ್ಕೆ ಶುರು ಮಾಡಿದೆ. ಈಗ ನಮ್ಮ ವಿಭಾಗದಲ್ಲಿ ಎಲ್ಲರೂ ಹಾಗೇ ಬರೀತಾರೆ.

ಲೆಕ್ಕವನ್ನ ಟ್ಯಾಲಿಯಲ್ಲಿ ಬರೀತೇನೆ, ದಿನದ ಆವಕ ಎಕ್ಸೆಲ್‌ನಲ್ಲಿ ಇಡ್ತೇನೆ. ರಾಶಿ, ಚಾಲಿ, ಬೆಟ್ಟೆ ನೋಡಿದ ಕೂಡಲೇ ಗುರುತಿಸ್ತೇನೆ. ಕಾಳುಮೆಣಸಿನ ಗುಣಮಟ್ಟ ನೋಡೋದು ಇನ್ನೂ ಕಲೀಬೇಕು.

ನಿಮ್ಮಲ್ಲಿ ಬೆಳೆಗಾರರು ಬೇಜಾರು ಮಾಡ್ಕೊಂಡು ಫೋನ್ ಮಾಡಿದಾಗ, ಮೊದಲು ಅವರ ಮಾತು ಪೂರ್ತಿ ಕೇಳಿ, ಆಮೇಲೆ ಲೆಕ್ಕ ತೆಗೆದು ನೋಡೋ ಕೆಲಸ ನನಗೆ ಬರುತ್ತೆ. ಒಮ್ಮೆ ಮಾತಾಡೋದಕ್ಕೆ ಅವಕಾಶ ಕೊಡಿ. ನಮಸ್ಕಾರ.’

ಈ ಪಠ್ಯದ ಹಿಂದಿನ ಕೆಲವು ನಿರ್ಧಾರಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಓದಿದಾಗ ಇದು ಸಲೀಸಾಗಿ ಬಂದಂತೆ ಕಾಣುತ್ತದೆ.

ಮೊದಲ ಭಾಗಕ್ಕೆ ಹನ್ನೊಂದು ಸೆಕೆಂಡಿನಷ್ಟೇ ಸಮಯ ಕೊಟ್ಟೆವು. ಯಾವ ಹುದ್ದೆಗೆ ಅರ್ಜಿ ಎಂಬುದನ್ನು ಹೇಳುವ ವಾಕ್ಯವೊಂದು ಅಲ್ಲಿತ್ತು. ಕಡತದ ಹೆಸರಿನಲ್ಲೂ ಜೊತೆಗಿನ ಪತ್ರದಲ್ಲೂ ಅದು ಇರುವುದರಿಂದ ತೆಗೆದುಹಾಕಿದೆವು. ಹೀಗೆ ಉಳಿದ ಐದು ಸೆಕೆಂಡು ಘಟನೆಗೆ ಹೋಯಿತು. ಘಟನೆ ಮತ್ತು ಅದರ ಮುಂದಿನ ಚೀಟಿಯ ವಿಷಯ ಸೇರಿ ಒಟ್ಟು ಸಮಯದ ಅರ್ಧಕ್ಕಿಂತ ಹೆಚ್ಚು ತೆಗೆದುಕೊಂಡಿವೆ. ಉಪಕರಣಗಳ ಜ್ಞಾನಕ್ಕೆ ಎರಡೇ ವಾಕ್ಯ ಸಾಕಾಯಿತು, ಏಕೆಂದರೆ ಟ್ಯಾಲಿ ಬರುತ್ತದೆ ಎನ್ನುವುದನ್ನು ವಿಡಿಯೋದಲ್ಲಿ ಎಷ್ಟು ವಿವರಿಸಿದರೂ ಸಾಬೀತಾಗುವುದಿಲ್ಲ; ಅದನ್ನು ಕಂಪನಿಯವರು ಕಂಪ್ಯೂಟರಿನ ಮುಂದೆ ಕೂರಿಸಿಯೇ ನೋಡುತ್ತಾರೆ.

‘ಅವರು ಹೇಳಿದ್ದೇ ಸರಿ ಇತ್ತು’ ಎಂಬ ನಾಲ್ಕು ಪದಗಳ ವಾಕ್ಯದ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಹಿಂದಿನ ರೂಪದಲ್ಲಿ ‘ಪರಿಶೀಲಿಸಿದಾಗ ದಾಖಲೆಯಲ್ಲಿ ವ್ಯತ್ಯಾಸ ಕಂಡುಬಂತು’ ಎಂದಿತ್ತು. ಎರಡೂ ಒಂದೇ ಸಂಗತಿಯನ್ನು ಹೇಳುತ್ತವೆ. ಆದರೆ ಮೊದಲಿನದರಲ್ಲಿ ಹೇಳುವವಳು ಬೆಳೆಗಾರನ ಪಕ್ಕದಲ್ಲಿ ನಿಂತಿದ್ದಾಳೆ, ಎರಡನೆಯದರಲ್ಲಿ ಕಡತದ ಹಿಂದೆ ನಿಂತಿದ್ದಾಳೆ. ವ್ಯಕ್ತಿತ್ವ ಎಂದು ಕಂಪನಿ ಕೇಳಿದ್ದು ಇದನ್ನೇ ಎಂದು ನನ್ನ ದೃಢವಾದ ಅಭಿಪ್ರಾಯ. ಆ ಕ್ಷಣದಲ್ಲಿ ಯಾರ ಮಾತಿಗೆ ಬೆಲೆ ಕೊಟ್ಟರು, ಮುಂದೆ ಏನು ಮಾಡಿದರು ಎಂಬುದರಲ್ಲಿ ಸ್ವಭಾವ ತಾನಾಗಿ ತೋರುತ್ತದೆ. ತಾಳ್ಮೆ ಎಂಬ ಪದ ಪಠ್ಯದಲ್ಲಿ ಎಲ್ಲಿಯೂ ಇಲ್ಲ.

ಅದೇ ಘಟನೆಯಲ್ಲಿ ಒಂದು ಅಪಾಯವೂ ಅಡಗಿತ್ತು. ಈಗಿನ ಸಂಸ್ಥೆಯಲ್ಲಿ ಲೆಕ್ಕ ತಪ್ಪಿತ್ತು ಎಂದು ಹೊರಗಿನವರಿಗೆ ಹೇಳುವುದು ಸಂಸ್ಥೆಯನ್ನು ದೂರಿದಂತೆ ಆಗಬಾರದು. ಹಾಗೆ ಮಾಡುವ ಅರ್ಜಿದಾರರನ್ನು ಕಂಡರೆ ಹೊಸ ಕಂಪನಿಯವರಿಗೂ, ಇವರು ನಾಳೆ ನಮ್ಮ ವಿಷಯವನ್ನೂ ಹೀಗೆಯೇ ಹೊರಗೆ ಹೇಳಬಹುದು ಎನಿಸುತ್ತದೆ. ಆದ್ದರಿಂದ ಸಂಸ್ಥೆಯ ಹೆಸರಿಲ್ಲ, ಚೀಲವನ್ನು ತಪ್ಪಾಗಿ ಬರೆದವರು ಯಾರೆಂದಿಲ್ಲ, ಕಾರಣವಾಗಿ ಒಂದೇ ಹೆಸರಿನ ಇಬ್ಬರು ಇದ್ದುದನ್ನು ಮಾತ್ರ ಹೇಳಿದೆ. ‘ಮೇಲಿನವರಿಗೆ ತೋರಿಸಿ’ ಎಂಬ ಮಾತು ಕೂಡ ಬೇಕೆಂದೇ ಸೇರಿದ್ದು. ಪಟ್ಟಿಯನ್ನು ಗುಮಾಸ್ತರು ತಾವಾಗಿಯೇ ತಿದ್ದುವಂತಿಲ್ಲ ಎಂಬುದು ಈ ವ್ಯವಹಾರ ಬಲ್ಲವರಿಗೆಲ್ಲ ಗೊತ್ತು, ಆ ಮಾತು ಇಲ್ಲದಿದ್ದರೆ ಅನುಭವಿಗಳಿಗೆ ಕಥೆಯ ಮೇಲೆಯೇ ಸಂಶಯ ಬರುತ್ತಿತ್ತು.

ಚೀಟಿಯ ಪರಿಣಾಮವನ್ನು ಅವರು ಮೊದಲು ‘ಅಂದಿನಿಂದ ಒಂದೂ ದೂರು ಬಂದಿಲ್ಲ’ ಎಂದು ಬರೆದಿದ್ದರು. ದೂರುಗಳ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ ಎಂದು ಕೇಳಿದಾಗ ಇಲ್ಲವೆಂದರು. ಸಂದರ್ಶನದಲ್ಲಿ ಮರುಪ್ರಶ್ನೆ ಬಂದರೆ ನಿಲ್ಲಲಾಗದ ಮಾತನ್ನು ವಿಡಿಯೋದಲ್ಲಿ ಹೇಳಬಾರದು. ‘ಈಗ ನಮ್ಮ ವಿಭಾಗದಲ್ಲಿ ಎಲ್ಲರೂ ಹಾಗೇ ಬರೀತಾರೆ’ ಎಂಬುದು ಅವರು ದಿನವೂ ಕಣ್ಣಾರೆ ಕಾಣುವ ಸತ್ಯ, ಆದ್ದರಿಂದ ಅದು ಉಳಿಯಿತು. ಸಹೋದ್ಯೋಗಿಗಳು ತಾವಾಗಿ ಅನುಸರಿಸಿದ ಪದ್ಧತಿ ಎನ್ನುವುದರಲ್ಲಿ ಉಪಯುಕ್ತತೆಯ ಸಾಕ್ಷ್ಯವೂ ಇದೆ.

ಕಾಳುಮೆಣಸಿನ ಬಗ್ಗೆ ‘ಇನ್ನೂ ಕಲೀಬೇಕು’ ಎಂದು ಒಪ್ಪಿಕೊಳ್ಳುವ ವಾಕ್ಯವನ್ನು ಇಡಬೇಕೇ ಬೇಡವೇ ಎಂಬುದು ಅತಿ ಕಷ್ಟದ ನಿರ್ಧಾರವಾಗಿತ್ತು. ಅರ್ಜಿದಾರೆಯ ಮನೆಯವರು ಬೇಡವೆಂದರು. ಇರುವ ಸಮಯದಲ್ಲಿ ಕೊರತೆಯನ್ನು ಏಕೆ ಹೇಳಿಕೊಳ್ಳಬೇಕೆಂದು ಅವರ ಪ್ರಶ್ನೆ. ಆದರೆ ಬೇಯಿಸಿ ಒಣಗಿಸಿದ ರಾಶಿಯನ್ನೂ ಹಣ್ಣಡಿಕೆಯಿಂದ ಮಾಡಿದ ಚಾಲಿಯನ್ನೂ ನೋಡಿದ ಕೂಡಲೇ ಗುರುತಿಸುತ್ತೇನೆ ಎಂದವರು ಮೆಣಸಿನ ಬಗ್ಗೆ ಮೌನವಾಗಿದ್ದರೆ, ಕಂಪನಿಯ ಅರ್ಧ ವ್ಯವಹಾರವೇ ಮೆಣಸಿನದಾಗಿರುವಾಗ, ಆ ಮೌನ ಎದ್ದು ಕಾಣುತ್ತದೆ. ಹಿಂದಿನ ವಾಕ್ಯವನ್ನು ನಂಬುವಂತೆ ಮಾಡುವುದೂ ಈ ಒಪ್ಪಿಗೆಯೇ. ಅರ್ಜಿದಾರೆ ಸ್ವತಃ ಇದನ್ನು ಇಡಬೇಕೆಂದು ತೀರ್ಮಾನಿಸಿದರು.

ಭಾಷೆಯ ವಿಷಯದಲ್ಲಿ ತೀರ್ಮಾನ ಬೇಗ ಆಯಿತು. ‘ಕಾರ್ಯನಿರ್ವಹಿಸುತ್ತಿದ್ದೇನೆ’ ಎಂದು ಬರೆದದ್ದನ್ನು ಅವರು ಓದುವಾಗ ವಾರ್ತೆ ಓದಿದಂತೆ ಕೇಳುತ್ತಿತ್ತು, ಮುಖವೂ ಬಿಗಿಯುತ್ತಿತ್ತು. ಹೀಗಾಗಿ ಬರೆಯುವ ಮೊದಲು ಹೇಳಿಸುವುದು, ಹೇಳಿದ್ದನ್ನು ಧ್ವನಿಮುದ್ರಿಸಿ ಅದರಿಂದಲೇ ಪಠ್ಯವನ್ನು ಇಳಿಸುವುದು ಎಂಬ ಕ್ರಮಕ್ಕೆ ಬಂದೆವು. ಮನೆಮಾತನ್ನು ಹಾಗೆಯೇ ಬಳಸಿದರೆ ಹುಬ್ಬಳ್ಳಿಯ ಕಿವಿಗೆ ತೊಡಕಾಗಬಹುದು. ಆದ್ದರಿಂದ ಕಿಟಕಿಯಾಚೆ ನಿಂತ ಬೆಳೆಗಾರರೊಡನೆ ಅವರು ಆಡುವ ಮರ್ಯಾದೆಯ ಆಡುಮಾತನ್ನೇ ಇಟ್ಟುಕೊಂಡೆವು. ಹೊಸ ಕೆಲಸದಲ್ಲಿಯೂ ಅವರು ಆಡಬೇಕಾದದ್ದು ಅದೇ ಮಾತು.

ಚಿತ್ರೀಕರಣ

ಜುಲೈ ತಿಂಗಳು, ಮಳೆ ಬಿಡದೆ ಸುರಿಯುತ್ತಿತ್ತು. ಹೆಂಚಿನ ಮನೆಯಲ್ಲಿ ಮಾಡಿದ ಮೊದಲ ಚಿತ್ರಣದಲ್ಲಿ ಮಳೆಯ ಸದ್ದಿನ ಕೆಳಗೆ ಮಾತು ಮುಚ್ಚಿಹೋಗಿತ್ತು. ಫೋನಿನ ಮೈಕು ದೂರದಲ್ಲಿದ್ದಾಗ ಕೋಣೆಯ ಎಲ್ಲ ಸದ್ದನ್ನೂ ಹಿಡಿಯುತ್ತದೆ, ಕಿವಿಗೆ ಅಲ್ಲಿ ಅಷ್ಟಾಗಿ ತೋರದ ಮಳೆ ಮುದ್ರಣದಲ್ಲಿ ದೊಡ್ಡದಾಗಿ ಕೇಳುತ್ತದೆ. ಸಂಬಂಧಿಕರ ತಾರಸಿ ಮನೆಯ ಕೆಳಕೋಣೆಗೆ ಹೋಗಿ, ಬಟ್ಟೆಯ ಅಂಚಿಗೆ ಸಿಕ್ಕಿಸಿದ ತಂತಿಯ ಮೈಕನ್ನು ಬಳಸಿದ ಮೇಲೆ ಆ ತೊಂದರೆ ತಪ್ಪಿತು. ಕಿಟಕಿಯ ಎದುರು ಮುಖ ಮಾಡಿ ಕೂತರೆ ಮೋಡದ ದಿನದ ಬೆಳಕೇ ಸಾಕಾಗುತ್ತದೆ; ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಫೋನು ಅಡ್ಡಲಾಗಿ, ಕಣ್ಣಿನ ಎತ್ತರದಲ್ಲಿತ್ತು.

ಪಠ್ಯದ ಮೇಲೆ ಪರಿಣಾಮ ಬೀರಿದ್ದು ಕಣ್ಣಿನ ಸಮಸ್ಯೆ. ಕಾಗದವನ್ನು ಫೋನಿನ ಪಕ್ಕದಲ್ಲಿ ಹಿಡಿದಾಗ ಕಣ್ಣುಗಳು ಸಾಲಿನ ಮೇಲೆ ಓಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಕಂಠಪಾಠ ಮಾಡಿಸಿದಾಗ ಒಂದು ಪದ ತಪ್ಪಿದರೂ ಇಡೀ ಮಾತು ನಿಂತುಬಿಡುತ್ತಿತ್ತು. ಕೊನೆಗೆ ‘ಚೀಲ, ಸಾಲು, ಚೀಟಿ, ಮೆಣಸು, ಫೋನ್’ ಎಂಬ ಐದು ಪದಗಳನ್ನು ದೊಡ್ಡದಾಗಿ ಬರೆದು ಕ್ಯಾಮೆರಾದ ಕೆಳಗೆ ಅಂಟಿಸಿ, ನಡುವಿನ ಮಾತನ್ನು ಅವರಿಗೇ ಬಿಟ್ಟೆವು. ತನ್ನದೇ ಅನುಭವವನ್ನು ಹೇಳುವಾಗ ಪದಗಳು ಅತ್ತಿತ್ತ ಆದರೂ ಅರ್ಥ ಕೆಡುವುದಿಲ್ಲ. ಶಾಲೆ ಕಾಲೇಜುಗಳ ಪಟ್ಟಿಯಿದ್ದ ಮೊದಲ ಕರಡನ್ನು ಈ ರೀತಿ ಹೇಳಲು ಸಾಧ್ಯವೇ ಇರಲಿಲ್ಲ.

ಘಟನೆಯ ಭಾಗವನ್ನು ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕೆಂದು ಮೊದಲೇ ನಿಶ್ಚಯಿಸಿದ್ದೆವು, ಏಕೆಂದರೆ ನೋಡುವವರು ಮಾತಿನ ಜಾಡನ್ನು ಅಳೆಯುವುದು ಅಲ್ಲಿಯೇ. ಚೀಟಿಯ ವಾಕ್ಯ ಮುಗಿದ ಜಾಗದಲ್ಲಿ ಮಾತ್ರ ಒಂದು ಕಡಿತವಿದೆ. ಅಲ್ಲಿಂದ ‘ರಾಶಿ, ಚಾಲಿ, ಬೆಟ್ಟೆ’ ಎನ್ನುವವರೆಗೆ ಅಡಿಕೆಯನ್ನು ಬೇರ್ಪಡಿಸುತ್ತಿರುವ ಅವರ ಕೈಗಳು ಕಾಣುತ್ತವೆ. ಆ ಅಡಿಕೆ ಅವರ ಮನೆಯದು. ಕಚೇರಿಯಲ್ಲಿ ಚಿತ್ರೀಕರಿಸುವ ಆಸೆ ಅವರಿಗಿತ್ತು, ಆದರೆ ಅಲ್ಲಿ ಚೀಲಗಳ ಮೇಲೆ ಬೆಳೆಗಾರರ ಹೆಸರು, ಪಟ್ಟಿಯಲ್ಲಿ ಅವರ ಹಣದ ಲೆಕ್ಕ, ಗೋಡೆಯ ಮೇಲೆ ದರ ಎಲ್ಲವೂ ಕಾಣುತ್ತಿದ್ದವು. ಬೇರೆಯವರ ಲೆಕ್ಕವನ್ನು ಕಾಪಾಡುವ ಕೆಲಸಕ್ಕೆ ಅರ್ಜಿ ಹಾಕುತ್ತ ಅದೇ ಲೆಕ್ಕವನ್ನು ಹೊರಗೆ ತೋರಿಸುವುದು ಸರಿಯಲ್ಲವೆಂದು ತಿಳಿಸಿದಾಗ ಅವರು ಕೂಡಲೇ ಒಪ್ಪಿದರು. ವಿಡಿಯೋ ಒಂದು ನಿಮಿಷ ಇಪ್ಪತ್ತೇಳು ಸೆಕೆಂಡಿಗೆ ನಿಂತಿತು. ಸದ್ದಿಲ್ಲದೆ ನೋಡುವವರಿಗೆಂದು ಮಾತುಗಳನ್ನು ಕೆಳಗೆ ಅಕ್ಷರದಲ್ಲಿಯೂ ಕೊಟ್ಟೆವು.

ಮುಂದೆ ನಡೆದದ್ದು

ಸಂದರ್ಶನಕ್ಕೆ ಕರೆ ಬಂತು. ಒಳಗೆ ಕೂತವರ ಮೊದಲ ಪ್ರಶ್ನೆಯೇ ಚೀಲದ ಬಗ್ಗೆ: ‘ಆ ಇನ್ನೊಬ್ಬರಿಗೆ ಫೋನ್ ಮಾಡಿ ನಿಮ್ಮ ಲೆಕ್ಕದಿಂದ ಒಂದು ಚೀಲ ತೆಗೀತೇವೆ ಅಂದಾಗ ಅವರು ಏನಂದರು?’ ವಿಡಿಯೋದಲ್ಲಿ ಜಾಗ ಸಾಲದೆ ಬಿಟ್ಟಿದ್ದ ಭಾಗ ಅದು. ಅವರೂ ಮೊದಲು ಒಪ್ಪಲಿಲ್ಲವೆಂದೂ, ಮನೆಯಿಂದ ಎಷ್ಟು ಚೀಲ ಕಳಿಸಿದ್ದಿರೆಂದು ನೆನಪಿಸಿಕೊಳ್ಳಲು ಕೇಳಿ, ಆಮೇಲೆ ತೂಕದ ಚೀಟಿಗಳನ್ನು ಒಂದೊಂದಾಗಿ ಓದಿದಾಗ ತಾವೇ ಲೆಕ್ಕ ಹಾಕಿ ಒಪ್ಪಿದರೆಂದೂ ಅರ್ಜಿದಾರೆ ವಿವರಿಸಿದರು. ಹತ್ತು ನಿಮಿಷ ಮಾತು ಅದರ ಸುತ್ತಲೇ ನಡೆಯಿತಂತೆ. ಎರಡನೆಯ ಪ್ರಶ್ನೆ ಕಾಳುಮೆಣಸಿನದು.

ಆ ಹುದ್ದೆ ಅವರಿಗೆ ಸಿಗಲಿಲ್ಲ. ಮೆಣಸಿನ ಖರೀದಿಯಲ್ಲಿ ಅನುಭವವಿದ್ದ ಬೇರೊಬ್ಬರನ್ನು ಆರಿಸಿದರು. ಕೆಲವು ವಾರಗಳ ಬಳಿಕ ಅದೇ ಕಂಪನಿಯವರು ಶಿರಸಿ ಭಾಗದ ಅಡಿಕೆ ಖರೀದಿಗೆ ಸಹಾಯಕರು ಬೇಕಾದಾಗ ಹೊಸದಾಗಿ ಅರ್ಜಿ ಕರೆಯದೆ ಇವರಿಗೆ ಫೋನ್ ಮಾಡಿದರು. ಇವರು ಸೇರಿಕೊಂಡರು.

ಕೊರತೆಯನ್ನು ಹೇಳಿದ್ದರಿಂದಲೇ ಮೊದಲ ಹುದ್ದೆ ಕೈತಪ್ಪಿತೆಂದು ಮನೆಯವರು ಈಗಲೂ ಹೇಳುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ರೆಸ್ಯೂಮೆಯಲ್ಲಿ ಮೆಣಸಿನ ಅನುಭವ ಇಲ್ಲದಿದ್ದುದರಿಂದ ಸಂದರ್ಶನದಲ್ಲಿ ಆ ಪ್ರಶ್ನೆ ಬಂದೇ ಬರುತ್ತಿತ್ತು, ಮುಚ್ಚಿಟ್ಟಿದ್ದರೆ ಉತ್ತರ ಇನ್ನೂ ಕಷ್ಟವಾಗುತ್ತಿತ್ತು. ಎರಡನೆಯ ಕರೆ ವಿಡಿಯೋದಿಂದಲೇ ಬಂತೆಂದು ಹೇಳಲೂ ಆಧಾರವಿಲ್ಲ, ಸಂದರ್ಶನದ ಮಾತೂ ಅದಕ್ಕೆ ಕಾರಣವಿರಬಹುದು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಸಂದರ್ಶನದ ಮೊದಲ ಪ್ರಶ್ನೆಯನ್ನು ಆ ವಿಡಿಯೋ ತೀರ್ಮಾನಿಸಿತ್ತು, ಆ ಪ್ರಶ್ನೆ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಉತ್ತರ ಗೊತ್ತಿದ್ದ ವಿಷಯದ ಮೇಲಿತ್ತು. ಘಟನೆಯನ್ನು ಆರಿಸುವಾಗ ಈಗ ನಾನು ಇದನ್ನೂ ಪರೀಕ್ಷಿಸುತ್ತೇನೆ: ಇದರ ಬಗ್ಗೆ ಹತ್ತು ನಿಮಿಷ ಬಿಡದೆ ಪ್ರಶ್ನೆ ಕೇಳಿದರೆ ಹೇಳಲು ಮಾತು ಉಳಿಯುತ್ತದೆಯೇ? ತೊಂಬತ್ತು ಸೆಕೆಂಡಿಗೇ ಮುಗಿದುಹೋಗುವ ಘಟನೆಯಾದರೆ ಬೇರೆಯದನ್ನು ಹುಡುಕಲು ಹೇಳುತ್ತೇನೆ.

ಇನ್ನೂ ಎಲ್ಲಿಯೂ ಕೆಲಸ ಮಾಡದವರಿಗೆ ಈ ಕ್ರಮ ಹಾಗೆಯೇ ಹೊಂದುವುದಿಲ್ಲ. ಇತ್ತೀಚೆಗೆ ಕಾರವಾರದ ಪದವಿ ವಿದ್ಯಾರ್ಥಿಯೊಬ್ಬರ ಪಠ್ಯಕ್ಕೆ, ಮನೆಯ ಮೀನು ವ್ಯಾಪಾರದಲ್ಲಿ ಬಾಕಿ ಉಳಿದ ಹಣವನ್ನು ಗಿರಾಕಿಗಳಿಂದ ಜಗಳವಿಲ್ಲದೆ ವಸೂಲು ಮಾಡಲು ಅವರು ಇಟ್ಟ ಪುಸ್ತಕವೇ ಘಟನೆಯಾಗಿ ಒದಗಿತು. ಅವರು ಅರ್ಜಿ ಹಾಕುತ್ತಿದ್ದುದು ಸಾಲ ವಸೂಲಾತಿ ವಿಭಾಗಕ್ಕೆ. ಅದೇ ಪುಸ್ತಕ ವಿನ್ಯಾಸಕಾರರ ಹುದ್ದೆಗೆ ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಹುದ್ದೆಯ ಪ್ರಕಟಣೆಯನ್ನು ಮುಂದೆ ಇಟ್ಟುಕೊಳ್ಳದೆ ಘಟನೆಯನ್ನು ಆರಿಸಲು ಕೂತರೆ ಕರಡು ಮತ್ತೆ ಬಯೋಡೇಟಾದ ಕಡೆಗೇ ಜಾರುತ್ತದೆ.